ಹೊಸ ಬಾಡಿಗೆದಾರರ ಕೈಗೆ ಕೊಡುವ ಮಾಹಿತಿ ಕಡತ: ನೀರು, ಕಸ, ಪಾರ್ಕಿಂಗ್, ತುರ್ತು ಕರೆ ಮತ್ತು ರಿಪೇರಿ, ಹಂತ ಹಂತವಾಗಿ

ಬೆಂಗಳೂರಿನಲ್ಲಿ ಐದಾರು ಮನೆ ಬಾಡಿಗೆಗೆ ಕೊಟ್ಟಿರುವ ಅನೇಕ ಮಾಲೀಕರು ಈಗ ಹೊಸಬರಿಗೆ ಬೀಗದ ಕೈ ಜೊತೆ ಒಂದು ಮಾಹಿತಿ ಹಾಳೆಯನ್ನೂ ಕೊಡುತ್ತಾರೆ. ಆದರೂ ಮೊದಲ ತಿಂಗಳು ಫೋನ್ ನಿಲ್ಲುವುದಿಲ್ಲ. "ನೀರು ಬರ್ತಿಲ್ಲ", "ಕಸದ ಗಾಡಿ ಹೋಗ್ಬಿಡ್ತು", "ನನ್ನ ಗಾಡಿಗೆ ಯಾರೋ ಅಡ್ಡ ನಿಲ್ಲಿಸಿದ್ದಾರೆ". ಇಂಥ ಹಾಳೆಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ ಒಂದೇ. ಎಲ್ಲವೂ ಸರಿಯಾಗಿ ನಡೆದ ದಿನ ಏನಾಗುತ್ತದೆ ಎಂದಷ್ಟೇ ಅವುಗಳಲ್ಲಿ ಬರೆದಿರುತ್ತದೆ, ಬಾಡಿಗೆದಾರರು ಹಾಳೆ ಹುಡುಕುವುದು ಏನೋ ಕೈಕೊಟ್ಟ ದಿನ. ಹಾಗಾಗಿ ಪ್ರತಿ ವಿಷಯಕ್ಕೂ ಎರಡು ಮಾತು ಬರೆಯಬೇಕು: ಸಾಮಾನ್ಯವಾಗಿ ಹೀಗಿರುತ್ತದೆ, ಹೀಗಿಲ್ಲದಿದ್ದರೆ ಇದನ್ನು ಮಾಡಿ.

ಉದಾಹರಣೆಗೆ ಒಂದು ಕಟ್ಟಡ ಇಟ್ಟುಕೊಳ್ಳೋಣ. ನೆಲ ಅಂತಸ್ತು ಮತ್ತು ಮೇಲೆ ಎರಡು ಮಹಡಿ, ಒಟ್ಟು ಆರು ಮನೆ, ಸುಮಾರು 24 ಜನ. ದಿನ ಬಿಟ್ಟು ದಿನ ಕಾವೇರಿ ನೀರು, ಒಂದು ಸಂಪು, ಒಂದು ಮೋಟರ್, ತಾರಸಿಯ ಮೇಲೆ 2,000 ಲೀಟರಿನ ಟ್ಯಾಂಕು. ಬೋರ್‌ವೆಲ್ ಇಲ್ಲ.

## ಶುರು ಮಾಡುವ ಮುಂಚೆ ಬೇಕಾದದ್ದು

ಅಳತೆ ಟೇಪು, ಉದ್ದನೆಯ ಬಿದಿರು ಅಥವಾ ಪಿವಿಸಿ ಪೈಪು, ಶಾಶ್ವತ ಮಾರ್ಕರ್ ಪೆನ್ನು, ವಾಲ್ವ್‌ಗಳಿಗೆ ಕಟ್ಟಲು ಚೀಟಿ, ಫೋಟೊ ತೆಗೆಯಲು ಫೋನು, ಮತ್ತು ಒಂದು ವಾರ. ಎಲ್ಲರೂ ತಪ್ಪಿಸಿಕೊಳ್ಳುವುದು ಈ ವಾರವನ್ನೇ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ನೆನಪಿನಿಂದ ಬರೆಯಬೇಡಿ. ಏಳು ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದನ್ನು ನೋಡಿ ಬರೆಯಿರಿ.

ನೀರು ಮತ್ತು ವಿದ್ಯುತ್ ಬಿಲ್ಲುಗಳನ್ನೂ ಎದುರಿಗೆ ಇಟ್ಟುಕೊಳ್ಳಿ. ದೂರು ಕೊಡಲು ಹೋದಾಗ ಮೊದಲು ಕೇಳುವುದು ಅವುಗಳಲ್ಲಿರುವ ಆರ್‌ಆರ್ ನಂಬರ್ ಅಥವಾ ಅಕೌಂಟ್ ಐಡಿಯನ್ನು.

## ಹಂತ 1: ನೀರಿನ ಲೆಕ್ಕ ಹಾಕಿ, ಆಮೇಲೆ ಸಮಯ ಬರೆಯಿರಿ

"ನೀರು ಬೆಳಿಗ್ಗೆ 5ರಿಂದ 7" ಎಂದು ಬರೆದರೆ ಹೊಸಬರು ಐದು ಗಂಟೆಗೆ ಎದ್ದು ಬಕೆಟ್ಟುಗಳನ್ನೆಲ್ಲ ತುಂಬಿಸಿಡುತ್ತಾರೆ. ಅದು ಬೀದಿಯಿಂದ ಸಂಪಿಗೆ ನೀರು ಬೀಳುವ ಹೊತ್ತು. ನಲ್ಲಿಯಲ್ಲಿ ನೀರು ಇಡೀ ದಿನ ಇರುತ್ತದೆ. ಬೀದಿ ನೀರಿನ ಸಮಯ ಬೇಕಾಗಿರುವುದು ಮೋಟರ್ ನೋಡಿಕೊಳ್ಳುವವರಿಗೆ. ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಮುಂದಿನ ಕೆಲಸ ಸಂಪಿನ ಅಳತೆ. ಮುಚ್ಚಳ ತೆಗೆದು ಮೇಲಿನಿಂದಲೇ ಪೈಪು ಇಳಿಬಿಟ್ಟು ಆಳ ನೋಡಿ. ಯಾವ ಕಾರಣಕ್ಕೂ ಒಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಇರುತ್ತದೆಂಬ ಭರವಸೆ ಇಲ್ಲ. ನಮ್ಮ ಉದಾಹರಣೆಯ ಸಂಪು 8 ಅಡಿ ಉದ್ದ, 7 ಅಡಿ ಅಗಲ, 7 ಅಡಿ ಆಳ. ಏಳಡಿಯೂ ಬಳಕೆಗೆ ಸಿಗುವುದಿಲ್ಲ. ಮೋಟರ್ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ತಳದಿಂದ ಅರ್ಧ ಅಡಿ ಮೇಲೆ ಇರುತ್ತದೆ, ಮೇಲುಗಡೆಯೂ ಅರ್ಧ ಅಡಿ ಖಾಲಿ. ಉಳಿದದ್ದು 6 ಅಡಿ. 8, 7, 6 ಗುಣಿಸಿದರೆ 336 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಅಂದರೆ ಸುಮಾರು 9,500 ಲೀಟರ್. ತಾರಸಿಯ 2,000 ಸೇರಿಸಿದರೆ 11,500.

ಈಗ ಖರ್ಚು. ನಗರದ ನೀರು ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕ ರೂಢಿಯಲ್ಲಿದೆ. 24 ಜನಕ್ಕೆ 3,240 ಲೀಟರ್ ಆಯಿತು. ಎಲ್ಲ ತುಂಬಿದ ಮೇಲೆ ಎರಡು ದಿನ ಕಳೆದರೆ 5,000 ಲೀಟರ್ ಉಳಿಯುತ್ತದೆ. ಆ ಬೆಳಿಗ್ಗೆ ಕಾವೇರಿ ನೀರು ಬರಬೇಕಿತ್ತು, ಬರಲಿಲ್ಲ ಅಂದುಕೊಳ್ಳಿ. ಇರುವ ನೀರು ಒಂದೂವರೆ ದಿನಕ್ಕೆ ಮಾತ್ರ. ಮುಂದಿನ ಸರದಿಗೆ ಎರಡು ದಿನ ಇದೆ. ನಾಳೆ ಸಂಜೆಯ ಹೊತ್ತಿಗೆ ಆರೂ ಮನೆಯ ನಲ್ಲಿ ಒಣಗುತ್ತದೆ, ಇವತ್ತು ಸಂಜೆಯೊಳಗೆ ಯಾರಾದರೂ 6,000 ಲೀಟರಿನ ಒಂದು ಟ್ಯಾಂಕರಿಗೆ ಹೇಳದಿದ್ದರೆ.

ಇಷ್ಟು ಲೆಕ್ಕ ಸಿಕ್ಕಿತೆಂದರೆ ಕಡತದಲ್ಲಿ ಬರೆಯಬೇಕಾದ ಸಾಲು ತಾನಾಗಿ ಬರುತ್ತದೆ:

> ಸಂಪಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ. ನಿಮ್ಮ ನಲ್ಲಿಯಲ್ಲಿ ದಿನವಿಡೀ ನೀರು ಇರುತ್ತದೆ, ತುಂಬಿಸಿಡಬೇಕಾಗಿಲ್ಲ. ಸರದಿಯ ದಿನ ನೀರು ಬರದಿದ್ದರೆ ಬೆಳಿಗ್ಗೆ 9ರೊಳಗೆ ವಾಟ್ಸಾಪ್ ಗುಂಪಿನಲ್ಲಿ ತಿಳಿಸುತ್ತೇವೆ. ಅಂದು ಮತ್ತು ಮರುದಿನ ವಾಷಿಂಗ್ ಮೆಷಿನ್ ಹಾಕಬೇಡಿ. ಟ್ಯಾಂಕರಿಗೆ ನಾವೇ ಹೇಳುತ್ತೇವೆ.

ಟ್ಯಾಂಕರಿನ ದುಡ್ಡು ಬಾಡಿಗೆಯಲ್ಲಿ ಸೇರಿದೆಯೋ, ಆರು ಮನೆಗೆ ಹಂಚುತ್ತೀರೋ ಎಂಬುದನ್ನು ಇದರ ಕೆಳಗೇ ಬರೆಯಿರಿ. ಬೇಸಿಗೆಯಲ್ಲಿ ಜಗಳ ಶುರುವಾಗುವುದು ಇಲ್ಲಿಂದಲೇ. ಹಂಚುವುದಾದರೆ ಮನೆಗೆ ಇಷ್ಟು ಎಂದೋ ತಲೆಗೆ ಇಷ್ಟು ಎಂದೋ ಸ್ಪಷ್ಟವಾಗಿರಲಿ. ಒಬ್ಬರೇ ಇರುವ ಮನೆಗೂ ಆರು ಜನರ ಮನೆಗೂ ಒಂದೇ ಪಾಲು ಹಾಕಿದರೆ ಬೇಸರವಾಗುವುದು ಸಹಜ.

ಮೋಟರ್. ಟ್ಯಾಂಕು ತುಂಬಲು ಎಷ್ಟು ನಿಮಿಷ ಬೇಕೆಂದು ಒಮ್ಮೆ ಗಡಿಯಾರ ನೋಡಿ ಬರೆದುಕೊಳ್ಳಿ. ಹಾಕುವವರು ಒಬ್ಬರೇ ಇರಲಿ, ಅವರು ಊರಿಗೆ ಹೋದಾಗ ಇನ್ನೊಬ್ಬರು ಯಾರೆಂದು ಹೆಸರು ಸಮೇತ ಬರೆಯಿರಿ. ಸಂಪಿನಲ್ಲಿ ನೀರಿಲ್ಲದೆ ಮೋಟರ್ ಓಡಿದರೆ ಸೀಲು ಸುಟ್ಟುಹೋಗುತ್ತದೆ. ಅದರ ಗುರುತು ಹೀಗೆ: ಮೋಟರಿನ ಸದ್ದು ಬದಲಾಗುತ್ತದೆ, ತಾರಸಿಯ ಟ್ಯಾಂಕಿಗೆ ನೀರು ಬೀಳುವ ಶಬ್ದ ಕೇಳುವುದಿಲ್ಲ, ಮೈ ಬೇಗ ಬಿಸಿಯಾಗುತ್ತದೆ. ಕೂಡಲೇ ಆಫ್ ಮಾಡಿ ತಿಳಿಸಬೇಕು. "ಹಿಡ್ಕೊಳ್ಳುತ್ತೇನೋ ನೋಡೋಣ" ಎಂದು ಮತ್ತೆ ಮತ್ತೆ ಆನ್ ಮಾಡಬಾರದು.

ನೀರು ಬರದಿದ್ದರೆ. ಬಾಡಿಗೆದಾರರು ಫೋನ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಒಂದೇ ನಲ್ಲಿಯಲ್ಲಿ ಬರುತ್ತಿಲ್ಲವೇ? ಹಾಗಿದ್ದರೆ ನಲ್ಲಿಯ ಬಾಯಿಯಲ್ಲಿರುವ ಏರೇಟರ್ ಜಾಲರಿಯಲ್ಲಿ ಮಣ್ಣು ಕಟ್ಟಿದೆ, ಕೈಯಲ್ಲೇ ತಿರುಗಿಸಿ ಬಿಚ್ಚಿ ತೊಳೆಯಬಹುದು. ಇಡೀ ಮನೆಯಲ್ಲಿ ಇಲ್ಲ, ಪಕ್ಕದ ಮನೆಯಲ್ಲಿ ಇದೆಯೇ? ತಾರಸಿಯಲ್ಲಿ ನಿಮ್ಮ ಮನೆಯ ವಾಲ್ವ್ ಮುಚ್ಚಿರಬಹುದು ಅಥವಾ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಎಲ್ಲ ಮನೆಯಲ್ಲೂ ಇಲ್ಲವೇ? ಅದು ಟ್ಯಾಂಕು ಅಥವಾ ಮೋಟರಿನ ವಿಷಯ, ಮೋಟರ್ ನೋಡಿಕೊಳ್ಳುವವರಿಗೆ ಹೇಳಿ. ಇದು ಉಪಯೋಗಕ್ಕೆ ಬರಬೇಕಾದರೆ ತಾರಸಿಯ ವಾಲ್ವ್‌ಗಳಿಗೆ ಮನೆಯ ನಂಬರಿನ ಚೀಟಿ ಕಟ್ಟಿರಬೇಕು. ಚೀಟಿ ಕಟ್ಟುವುದು ಐದು ನಿಮಿಷದ ಕೆಲಸ. ಚೀಟಿಯಿಲ್ಲದ ಕಡೆ ಪ್ಲಂಬರ್ ಬಂದು ಆರೂ ಮನೆಯ ನೀರು ನಿಲ್ಲಿಸುತ್ತಾರೆ.

ಬೋರ್ ನೀರೂ ಇರುವ ಕಟ್ಟಡಗಳಲ್ಲಿ ಅಡುಗೆಮನೆಯ ಯಾವ ನಲ್ಲಿ ಕಾವೇರಿಯದು ಎಂದು ಸ್ಟಿಕರ್ ಹಚ್ಚಿ. ನೀರು ಕೆಸರಾಗಿಯೋ ಚರಂಡಿ ವಾಸನೆಯೊಂದಿಗೋ ಬಂದರೆ, ಅದರಲ್ಲೂ ಬೀದಿಯಲ್ಲಿ ಅಗೆದ ಮೇಲೆ ಹಾಗಾದರೆ, ಮೋಟರ್ ಹಾಕದೆ ಮೊದಲು ಜಲಮಂಡಳಿಯ 1916ಕ್ಕೆ ದೂರು ಕೊಡಬೇಕು. ಮೋಟರ್ ಹಾಕಿದರೆ ಆ ನೀರು ಮೇಲಿನ ಟ್ಯಾಂಕಿಗೂ ಹೋಗಿ ಎರಡನ್ನೂ ತೊಳೆಯಬೇಕಾಗುತ್ತದೆ.

## ಹಂತ 2: ಕಸ, ಗಾಡಿಯ ಸಮಯ ಮತ್ತು ಗೊಂದಲದ ವಸ್ತುಗಳು

ಕಸದ ಆಟೊ ಬರುವ ಹೊತ್ತನ್ನು ಒಂದೇ ಸಮಯವಾಗಿ ಬರೆಯಬೇಡಿ. ವಾರದಲ್ಲಿ ಅತಿ ಬೇಗ ಬಂದದ್ದು 6:40, ಅತಿ ತಡವಾಗಿ ಬಂದದ್ದು 8:15 ಆಗಿದ್ದರೆ "6:40ರಿಂದ 8:15ರ ನಡುವೆ" ಎಂದೇ ಬರೆಯಿರಿ. ಹಸಿ ಕಸ ದಿನಾ, ಒಣ ಕಸ ವಾರದ ಯಾವ ದಿನಗಳಲ್ಲಿ ಎಂಬುದು ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಗಾಡಿಯವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ.

ಬೆಂಗಳೂರಿನ ಪದ್ಧತಿ ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಯಲ್ಲಿ ಹಸಿ ಕಸ, ಕೆಂಪು ಬುಟ್ಟಿಯಲ್ಲಿ ಡೈಪರ್, ಪ್ಯಾಡ್, ಬ್ಯಾಂಡೇಜಿನಂಥವು, ಚೀಲದಲ್ಲಿ ಒಣ ಕಸ. ಇದನ್ನು ಎಲ್ಲರೂ ಬರೆಯುತ್ತಾರೆ. ಬೇರೆ ಊರಿಂದ ಬಂದವರಿಗೆ ತೊಂದರೆ ಕೊಡುವುದು ನಡುವೆ ಸಿಕ್ಕಿಬೀಳುವ ವಸ್ತುಗಳು. ಅವುಗಳನ್ನು ಹೆಸರಿಟ್ಟು ಬರೆಯಿರಿ. ಹಾಲಿನ ಕವರ್ ತೊಳೆದು ಒಣಗಿಸಿದ ಮೇಲೆ ಒಣ ಕಸ. ಹೋಟೆಲಿನ ಪಾರ್ಸೆಲ್ ಡಬ್ಬಿಯೂ ಹಾಗೆಯೇ, ಸಾಂಬಾರು ಉಳಿದ ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿದರೆ ಇಡೀ ಚೀಲ ಹಾಳು. ಮೊಟ್ಟೆ ಚಿಪ್ಪು, ಟೀ ಸೊಪ್ಪು, ಪೂಜೆಯ ಹೂವು ಹಸಿ ಕಸ, ಆದರೆ ಹೂವಿನ ದಾರ ಮತ್ತು ಪ್ಲಾಸ್ಟಿಕ್ ಕವರ್ ಬಿಚ್ಚಿ ಬೇರೆ ಹಾಕಬೇಕು. ಗುಡಿಸಿದ ದೂಳು, ಕೂದಲು ಕೆಂಪು ಬುಟ್ಟಿಗೆ. ಎಳನೀರು ಬುರುಡೆಯನ್ನು ಕೆಲವು ಗಾಡಿಯವರು ಹಸಿ ಕಸದ ಜೊತೆ ತೆಗೆದುಕೊಳ್ಳುವುದಿಲ್ಲ, ಕೇಳಿ ಬರೆಯಿರಿ.

ಪ್ಯಾಡು, ಡೈಪರನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕೊಡಬೇಕು. ಒಡೆದ ಗಾಜನ್ನೂ ದಪ್ಪ ಕಾಗದದಲ್ಲಿ ಸುತ್ತಿ ಮೇಲೆ "ಗಾಜು" ಎಂದು ಬರೆಯಬೇಕು. ಕಸವನ್ನು ಬರಿಗೈಯಲ್ಲಿ ಬಿಡಿಸುವವರು ಪೌರಕಾರ್ಮಿಕರು. ಅವರ ಕೈ ಕುಯ್ಯಬಾರದು ಎಂಬ ಕಾರಣವನ್ನೂ ಬರೆಯಿರಿ. ಕಾರಣ ಗೊತ್ತಾದರೆ ಜನ ಮಾಡುತ್ತಾರೆ.

ಗಾಡಿ ತಪ್ಪಿದರೆ? ಗೇಟಿನ ಹೊರಗೆ ಇಟ್ಟು ಹೋಗಬಾರದು, ನಾಯಿಗಳು ಹರಿದು ಹಾಕುತ್ತವೆ. ಬುಟ್ಟಿ ಮುಚ್ಚಿ ಒಳಗೇ ಇಟ್ಟು ಮರುದಿನ ಕೊಡಬೇಕು. ಎರಡು ದಿನ ಗಾಡಿಯೇ ಬರದಿದ್ದರೆ ಪಾಲಿಕೆ ಸಹಾಯವಾಣಿ 1533.

ಒಂದು ಸಾಲು ಬಹುತೇಕ ಎಲ್ಲ ಕಡತಗಳಲ್ಲೂ ಬಿಟ್ಟುಹೋಗಿರುತ್ತದೆ: ಮನೆಗೆ ಬಂದ ಮೊದಲ ದಿನದ ಕಸ. ರಟ್ಟಿನ ಪೆಟ್ಟಿಗೆ, ಥರ್ಮಾಕೋಲು, ಬಬಲ್ ಕವರ್ ಗುಡ್ಡೆಯಾಗಿ ಬೀಳುತ್ತವೆ, ಆ ರಾತ್ರಿಯೇ ಅವು ಗೇಟಿನ ಹೊರಗೆ ಬಂದು ಕೂರುತ್ತವೆ. ಪೆಟ್ಟಿಗೆಗಳನ್ನು ಚಪ್ಪಟೆ ಮಾಡಿ ಇಡಲು ಒಂದು ಮೂಲೆ ತೋರಿಸಿ, ಒಣ ಕಸದ ದಿನದವರೆಗೆ ಅಲ್ಲೇ ಇರಲಿ.

## ಹಂತ 3: ಪಾರ್ಕಿಂಗ್‌ಗೆ ಮಾತಿಗಿಂತ ನಕ್ಷೆ

ಬಿಳಿ ಹಾಳೆಯಲ್ಲಿ ಗೇಟು, ಮೆಟ್ಟಿಲು, ಸಂಪಿನ ಮುಚ್ಚಳ, ಮೋಟರ್ ಸ್ಟಾರ್ಟರ್, ಮೀಟರ್ ಬೋರ್ಡು ಗುರುತಿಸಿ. ಉಳಿದ ಜಾಗದಲ್ಲಿ ಮನೆ ನಂಬರಿನ ಪ್ರಕಾರ ಚೌಕ ಹಾಕಿ, ಅದೇ ನಂಬರನ್ನು ಗೋಡೆಯ ಮೇಲೂ ಬಣ್ಣದಲ್ಲಿ ಬರೆಸಿ. ಮೂರು ಜಾಗ ಯಾವಾಗಲೂ ಖಾಲಿ ಇರಬೇಕು: ಸಂಪಿನ ಮುಚ್ಚಳದ ಮೇಲೆ, ಮೀಟರ್ ಬೋರ್ಡಿನ ಮುಂದೆ, ಮೆಟ್ಟಿಲಿನ ಬಾಯಿಯಲ್ಲಿ. ಕಾರಿನ ಭಾರಕ್ಕೆ ಮುಚ್ಚಳ ಬಿರುಕು ಬಿಟ್ಟರೆ ಮಳೆನೀರು ಸಂಪಿಗೆ ಇಳಿಯುತ್ತದೆ. ಮೀಟರ್ ಬೋರ್ಡಿನಲ್ಲಿ ಕಿಡಿ ಹಾರಿದಾಗ ಬೈಕು ಸರಿಸಿಕೊಂಡು ಕೂರಲು ಸಮಯವಿರುವುದಿಲ್ಲ.

ಒಂದರ ಹಿಂದೆ ಒಂದು ಕಾರು ನಿಲ್ಲುವ ಜಾಗವಾಗಿದ್ದರೆ ಬೆಳಿಗ್ಗೆ ಮೊದಲು ಹೊರಡುವವರು ಯಾರೆಂದು ಕೇಳಿ ಅವರಿಗೆ ಗೇಟಿನ ಬದಿಯದನ್ನು ಕೊಡಿ. ಎಲ್ಲ ಗಾಡಿಗಳ ನಂಬರು ಮತ್ತು ಮನೆ ನಂಬರು ಒಂದು ಪಟ್ಟಿಯಲ್ಲಿರಲಿ. ನೆಂಟರ ಗಾಡಿ ಎಲ್ಲಿ, ರಾತ್ರಿ ಉಳಿದರೆ ಎಲ್ಲಿ ಎಂಬುದನ್ನೂ ಬರೆಯಿರಿ. ಎಲೆಕ್ಟ್ರಿಕ್ ಸ್ಕೂಟರ್ ಇದ್ದರೆ ಆ ಮನೆಯ ಮೀಟರಿನಿಂದಲೇ ಎಲೆಕ್ಟ್ರಿಷಿಯನ್ ಹಾಕಿಕೊಟ್ಟ ಪಾಯಿಂಟಿನಲ್ಲಿ ಚಾರ್ಜು ಮಾಡಬೇಕು. ಕಿಟಕಿಯಿಂದ ಎಕ್ಸ್‌ಟೆನ್ಶನ್ ವೈರ್ ಇಳಿಬಿಡುವುದಕ್ಕೆ ಅವಕಾಶವಿಲ್ಲ ಎಂದು ಖಡಾಖಂಡಿತ ಬರೆಯಿರಿ.

## ಹಂತ 4: ತುರ್ತು ಹಾಳೆ, ಬಾಗಿಲ ಹಿಂದೆ

ಇದು ಕಡತದ ಒಳಗಿರಬಾರದು. ಒಂದೇ ಪುಟ, ದಪ್ಪ ಅಕ್ಷರ, ಮುಂಬಾಗಿಲ ಹಿಂದೆ ಅಂಟಿಸಿ.

ಮೇಲೆ ಮೊದಲು ವಿಳಾಸ. ಗಾಬರಿಯಲ್ಲಿ ಹೊಸಬರಿಗೆ ತಮ್ಮ ಮನೆಯ ಅಡ್ಡರಸ್ತೆ ಯಾವುದೆಂದು ಹೊಳೆಯುವುದಿಲ್ಲ. ಮನೆ ನಂಬರು, ಮಹಡಿ, ಅಡ್ಡರಸ್ತೆ, ಮುಖ್ಯರಸ್ತೆ, ಬಡಾವಣೆ, ಆಂಬುಲೆನ್ಸ್ ಯಾವ ಕಡೆಯಿಂದ ಬಂದರೆ ಒಳಗೆ ಬರಬಹುದು ಎಂಬ ಗುರುತು, ಇವನ್ನು ಫೋನಿನಲ್ಲಿ ಹಾಗೇ ಓದಿ ಹೇಳುವಂತೆ ವಾಕ್ಯ ಮಾಡಿ ಬರೆಯಿರಿ. ಕನ್ನಡ ಬಾರದವರೂ ಓದಿ ಹೇಳಲು ಆಗುವಂತೆ ಅವರ ಲಿಪಿಯಲ್ಲೂ ಇರಲಿ.

ಆಮೇಲೆ ನಂಬರು. ಪೊಲೀಸ್, ಬೆಂಕಿ, ಯಾವುದೇ ಅಪಾಯಕ್ಕೆ 112. ಆಂಬುಲೆನ್ಸ್ 108. ಅಗ್ನಿಶಾಮಕ 101. ಅಡುಗೆ ಗ್ಯಾಸ್ ಸೋರಿಕೆ 1906. ಬೆಸ್ಕಾಂ 1912. ಇಷ್ಟು ಸಾಕು. ಇಪ್ಪತ್ತು ನಂಬರು ತುಂಬಿದರೆ ಬೇಕಾದದ್ದು ಕಣ್ಣಿಗೆ ಬೀಳುವುದಿಲ್ಲ.

ನಂಬರಿಗಿಂತ ಮೊದಲು ಮಾಡಬೇಕಾದದ್ದು ಎರಡು ಕಡೆ ಇದೆ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಆನ್ ಮಾಡುವುದಷ್ಟೇ ಅಲ್ಲ, ಆಫ್ ಮಾಡುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು ಅಲ್ಲಿಂದ ಫೋನ್ ಮಾಡಬೇಕು. ಯಾರಿಗಾದರೂ ಶಾಕ್ ಹೊಡೆದಿದ್ದರೆ ಅವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಮೇನ್ ಸ್ವಿಚ್ ಎಲ್ಲಿದೆ ಎಂಬುದಕ್ಕೆ ಫೋಟೊ ಹಾಕಿ, ಮೀಟರ್ ಬೋರ್ಡಿನಲ್ಲೂ ಪ್ರತಿ ಮೀಟರಿಗೆ ಮನೆ ನಂಬರು ಬರೆಯಿರಿ.

ಹತ್ತಿರದ ಆಸ್ಪತ್ರೆಯ ಹೆಸರು ಹಾಕುವ ಮೊದಲು ರಾತ್ರಿ ಹತ್ತರ ಮೇಲೆ ಒಮ್ಮೆ ಹೋಗಿ ನೋಡಿ. ಬೋರ್ಡಿನಲ್ಲಿ 24 ಗಂಟೆ ಎಂದಿದ್ದು ರಾತ್ರಿ ಡಾಕ್ಟರು ಇಲ್ಲದ ಕಡೆಗಳೂ ಇವೆ.

## ಹಂತ 5: ರಿಪೇರಿಗೆ ಯಾರನ್ನು ಕರೆಯಬೇಕು, ದುಡ್ಡು ಯಾರದು

ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಒಬ್ಬೊಬ್ಬರಿಗೂ ಎರಡೆರಡು ನಂಬರು ಬೇಕು. ಅವರನ್ನು ಕೇಳಿಯೇ ಹಾಕಿ, ಯಾವ ಹೊತ್ತಿಗೆ ಫೋನ್ ಎತ್ತುತ್ತಾರೆ ಎಂದೂ ಬರೆಯಿರಿ. ಹಬ್ಬಕ್ಕೆ ಊರಿಗೆ ಹೋಗಿರುವ ಒಬ್ಬನೇ ಪ್ಲಂಬರನ್ನು ನಂಬಿದರೆ ಕಷ್ಟ.

ದುಡ್ಡಿನ ವಿಷಯಕ್ಕೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿ ಒಳ್ಳೆಯ ಆಧಾರ. ಅದರ ಪ್ರಕಾರ ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು ಬದಲಿಸುವುದು, ವೈರಿಂಗ್ ಮಾಲೀಕರದು. ನಲ್ಲಿಯ ವಾಷರ್, ಸ್ವಿಚ್ಚು, ಸಾಕೆಟ್ಟು, ಗೀಸರ್ ರಿಪೇರಿ, ಬಾಗಿಲ ಬೀಗ, ಕಿಟಕಿಯ ಗಾಜು, ಮೋರಿ ಶುಚಿ ಮಾಡುವುದು ಬಾಡಿಗೆದಾರರದು. ಅದು ಮಾದರಿ ಮಾತ್ರ. ನಿಮ್ಮ ಕರಾರು ಪತ್ರದಲ್ಲಿ ಬೇರೆ ಬರೆದಿದ್ದರೆ ಕಡತದಲ್ಲೂ ಅದೇ ಇರಲಿ, ಎರಡರಲ್ಲಿ ಎರಡು ಮಾತು ಬೇಡ. ನನ್ನ ಅಭಿಪ್ರಾಯದಲ್ಲಿ ಮನೆಗೆ ಬಂದ ಮೊದಲ ತಿಂಗಳು ಕೈಕೊಟ್ಟದ್ದೆಲ್ಲ ಮಾಲೀಕರ ಖರ್ಚೇ ಆಗಬೇಕು. ಬಂದ ವಾರಕ್ಕೇ ಸೋರುವ ನಲ್ಲಿ ಹಿಂದಿನವರ ಕಾಲದಿಂದ ಸವೆದದ್ದು.

ಮೋರಿ ಕಟ್ಟಿದಾಗ ತಪ್ಪು ಜನರನ್ನು ಕರೆಸಿ ದುಡ್ಡು ಕಳೆಯುವುದು ತುಂಬಾ ಸಾಮಾನ್ಯ. ಒಂದೇ ಬಚ್ಚಲಲ್ಲಿ ನೀರು ನಿಂತರೆ ಜಾಲರಿ ತೆಗೆದು ಕೂದಲು ತೆಗೆದರೆ ಸಾಕಾಗಬಹುದು. ನೆಲ ಅಂತಸ್ತಿನ ಎರಡೂ ಮನೆಯ ಬಚ್ಚಲಲ್ಲಿ ಒಟ್ಟಿಗೆ ನೀರು ಹಿಂದಕ್ಕೆ ಬಂದರೆ ಕಟ್ಟಿರುವುದು ಆವರಣದೊಳಗಿನ ಚೇಂಬರ್, ಪ್ಲಂಬರನ್ನು ಕರೆಯಿರಿ. ಬೀದಿಯ ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ ಪ್ಲಂಬರ್ ಏನೂ ಮಾಡಲಾರ, ಅದು ಜಲಮಂಡಳಿಯ ಕೆಲಸ, 1916. ಹಾಗೆಯೇ ಕರೆಂಟ್ ಹೋದಾಗ ಬೀದಿ ದೀಪ ಮತ್ತು ಎದುರು ಮನೆ ನೋಡಬೇಕು. ಎಲ್ಲ ಕಡೆ ಹೋಗಿದ್ದರೆ 1912. ನಮ್ಮ ಮನೆಯಲ್ಲಿ ಮಾತ್ರ ಹೋಗಿದ್ದರೆ ಎಂಸಿಬಿ ನೋಡಿ ಒಮ್ಮೆ ಎತ್ತಬಹುದು. ಮತ್ತೆ ಬಿದ್ದರೆ ಎರಡನೇ ಸಲ ಎತ್ತಬಾರದು. ಗೀಸರ್ ಹಾಕಿದಾಗಲೇ ಬೀಳುತ್ತಿದ್ದರೆ ಗೀಸರ್ ಬಳಸದೆ ಎಲೆಕ್ಟ್ರಿಷಿಯನ್‌ಗೆ ಹೇಳಬೇಕು.

ಮಾಲೀಕರು ಫೋನ್ ಎತ್ತದಿದ್ದರೆ ಏನು ಎಂಬುದನ್ನೂ ಬರೆಯಲೇಬೇಕು. ನೀರು ಸೋರಿ ಕೆಳಗಿನ ಮನೆಗೆ ಇಳಿಯುತ್ತಿರುವಾಗ ಅನುಮತಿಗೆ ಕಾಯುವಂತಿಲ್ಲ.

> ನೀರು ಹರಿಯುತ್ತಿದ್ದರೆ ಮೊದಲು ತಾರಸಿಯಲ್ಲಿ ನಿಮ್ಮ ಮನೆಯ ವಾಲ್ವ್ ಮುಚ್ಚಿ. ನಮಗೆ ಎರಡು ಸಲ ಫೋನ್ ಮಾಡಿ. ಅರ್ಧ ಗಂಟೆಯಲ್ಲಿ ಉತ್ತರ ಬರದಿದ್ದರೆ ಪಟ್ಟಿಯಲ್ಲಿರುವ ಪ್ಲಂಬರನ್ನು ನೀವೇ ಕರೆಸಿ. 1,000 ರೂಪಾಯಿವರೆಗಿನ ಬಿಲ್ಲನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ. ರಿಪೇರಿಗೆ ಮುಂಚೆ ಮತ್ತು ಆಮೇಲೆ ಒಂದೊಂದು ಫೋಟೊ ಕಳಿಸಿ.

ಮೊತ್ತ ಎಷ್ಟೆಂದು ನೀವೇ ತೀರ್ಮಾನಿಸಿ, ಆದರೆ ಅಂಕಿ ಇರಲೇಬೇಕು. "ಸಣ್ಣಪುಟ್ಟ ಖರ್ಚು" ಎಂದರೆ ಒಬ್ಬೊಬ್ಬರಿಗೆ ಒಂದೊಂದು.

## ಹಂತ 6: ಕೊಡುವ ಮುನ್ನ ಪರೀಕ್ಷೆ, ಕೊಡುವ ದಿನ ಸುತ್ತಾಟ

ಕಟ್ಟಡ ಗೊತ್ತಿಲ್ಲದ ಪರಿಚಯದವರೊಬ್ಬರ ಕೈಗೆ ಕಡತ ಕೊಟ್ಟು, "ಎರಡನೇ ಮಹಡಿಯ ಎಡಗಡೆ ಮನೆಯ ನೀರು ನಿಲ್ಲಿಸಿ ಬನ್ನಿ" ಎಂದು ಹೇಳಿ. ನಿಮ್ಮನ್ನು ಏನೂ ಕೇಳದೆ ಮಾಡಿ ಬಂದರೆ ಕಡತ ಸರಿಯಾಗಿದೆ. ಎಲ್ಲಿ ನಿಂತು ಕೇಳಿದರೋ ಆ ಸಾಲನ್ನು ತಿದ್ದಿ.

ಬೀಗದ ಕೈ ಕೊಡುವ ದಿನ ಹೊಸಬರನ್ನು ತಾರಸಿಯಿಂದ ಶುರು ಮಾಡಿ ಕೆಳಗೆ ಕರೆದುಕೊಂಡು ಬನ್ನಿ: ವಾಲ್ವ್, ಮನೆಯೊಳಗಿನ ಎಂಸಿಬಿ, ಮೀಟರ್ ಬೋರ್ಡು, ಮೋಟರ್, ಸಂಪು, ಚೇಂಬರ್, ಗೇಟು. ವಾಲ್ವನ್ನು ಅವರ ಕೈಯಲ್ಲೇ ಒಮ್ಮೆ ಮುಚ್ಚಿ ತೆರೆಸಿ. ಗಂಡಸರಿಗೆ ಮಾತ್ರ ತೋರಿಸಿ ಸುಮ್ಮನಾಗಬೇಡಿ, ಹಗಲಿನಲ್ಲಿ ಮನೆಯಲ್ಲಿ ಇರುವವರು ಯಾರೋ ಅವರು ನೋಡಿರಬೇಕು. ವಯಸ್ಸಾದ ಅತ್ತೆ ಮಾವ ಜೊತೆಗಿದ್ದರೆ ಅವರಿಗೂ ಮೇನ್ ಸ್ವಿಚ್ ತೋರಿಸಿ.

ಪ್ರತಿ ಪುಟದ ಮೇಲೆ ತಾರೀಖು ಹಾಕಿ. ಒಂದೇ ಪ್ರಶ್ನೆ ಎರಡು ಮನೆಯವರಿಂದ ಬಂತೆಂದರೆ ಆ ಸಾಲು ಅರ್ಥವಾಗುತ್ತಿಲ್ಲ, ತಿದ್ದಿ ಹೊಸ ಪುಟ ಹಂಚಿ. ಪ್ಲಂಬರ್ ನಂಬರು ಬದಲಾದಾಗ, ಕಸದ ಗಾಡಿಯ ಹೊತ್ತು ಬದಲಾದಾಗ, ಮಾರ್ಚ್ ಶುರುವಿನಲ್ಲಿ ನೀರಿನ ಸರದಿ ಬದಲಾದಾಗ ಆ ಒಂದೊಂದು ಪುಟ ಬದಲಿಸಿದರೆ ಸಾಕು. ಹಾಗಾಗಿ ಬೈಂಡ್ ಮಾಡಿಸಬೇಡಿ, ಎರಡು ತೂತಿನ ಫೈಲಿಗೆ ಹಾಕಿ.